ಲೇಬಲ್ಲಿನಲ್ಲಿ ‘ಪರ್ಫಮ್’ ಅಂತಷ್ಟೇ ಇದ್ದರೆ: ಗುಟ್ಟು ಯಾರಿಂದ?

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ನಿಮ್ಮ ಕೈಗೆ ಕೊಟ್ಟಿರುವ ಹಾಳೆಯಲ್ಲಿ ಎರಡು ಲೇಬಲ್ ಇವೆ, ನೋಡಿ. ಒಂದು ಮೈಗೆ ಹಚ್ಚುವ ಲೋಶನ್ನಿನದು, ಇನ್ನೊಂದು ಶಾಂಪೂವಿನದು. ಯಾವ ಕಂಪನಿಯದೂ ಅಲ್ಲ, ಯುರೋಪಿನ ನಿಯಮದಂತೆ ಛಾಪಿಸುವ ಲೇಬಲ್ಲುಗಳು ಹೇಗಿರುತ್ತವೋ ಹಾಗೆ ನಾನೇ ಬರೆದದ್ದು. ಎರಡಕ್ಕೂ ಹಾಕಿರುವ ಪರಿಮಳ ಒಂದೇ ಅಂತಿಟ್ಟುಕೊಳ್ಳಿ. ಲೇಬಲ್ಲಿನಲ್ಲಿ ಆ ಪರಿಮಳಕ್ಕೆ ಪರ್ಫಮ್ ಅಂತ ಬರೆಯುತ್ತಾರೆ.

ಲೋಶನ್ ಹೀಗಿದೆ: ಆಕ್ವಾ, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಒಂದೆರಡು ಎಣ್ಣೆ, ಫೀನಾಕ್ಸಿಎಥನಾಲ್, ಪರ್ಫಮ್, ಕಾರ್ಬೊಮರ್, ಲಿನಲೂಲ್, ಲಿಮೊನೀನ್, ಸಿಟ್ರೊನೆಲ್ಲೋಲ್, ಹೈಡ್ರಾಕ್ಸಿಸಿಟ್ರೊನೆಲ್ಲಾಲ್, ಸಿಟ್ರಾಲ್. ಶಾಂಪೂವಿನಲ್ಲಿ ನೊರೆ ಬರಿಸುವ ಸಾಮಾನೆಲ್ಲ ಆದ ಮೇಲೆ ಪರ್ಫಮ್, ಆಮೇಲೆ ಲಿನಲೂಲ್. ಅಷ್ಟೇ, ಮುಗಿಯಿತು.

ಇದನ್ನು ತೋರಿಸಿದರೆ ಜನ ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಲೋಶನ್ನಿನಲ್ಲಿ ಪರ್ಫಮ್ ಹಾಕಿದ್ದು ಸಾಲದು ಅಂತ ಇನ್ನೂ ಐದು ಕೆಮಿಕಲ್ ಸುರಿದಿದ್ದಾರೆ ಅನ್ನುವುದು ಮೊದಲನೆಯದು. ಶಾಂಪೂ ಪರವಾಗಿಲ್ಲ, ಅದರಲ್ಲಿ ಜಾಸ್ತಿ ಏನಿಲ್ಲ ಅನ್ನುವುದು ಎರಡನೆಯದು. ಎರಡೂ ಸರಿಯಲ್ಲ. ಯಾಕೆ ಅಂತ ಬಿಡಿಸಿ ನೋಡೋಣ, ಸ್ವಲ್ಪ ಲೆಕ್ಕ ಬರುತ್ತದೆ, ಹೆದರಬೇಡಿ.

ಮೊದಲು ಸಾಲಿನ ಕ್ರಮ. ಯಾವುದು ಜಾಸ್ತಿ ಇದೆಯೋ ಅದು ಮೊದಲು, ಕಡಿಮೆ ಇರುವುದು ಆಮೇಲೆ. ಆದರೆ ಈ ನಿಯಮ ಶೇಕಡಾ 1ರವರೆಗೆ ಮಾತ್ರ. ಅದಕ್ಕಿಂತ ಕಡಿಮೆ ಇರುವವನ್ನು ಕಂಪನಿಯವರು ಹೇಗೆ ಬೇಕಾದರೂ ಜೋಡಿಸಬಹುದು. ಹಾಗಾದರೆ ಆ 1ರ ಗೆರೆ ಎಲ್ಲಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಅದಕ್ಕೊಂದು ಉಪಾಯ ಇದೆ. ಫೀನಾಕ್ಸಿಎಥನಾಲ್ ಅನ್ನುವುದು ಕೆಡದಂತೆ ಕಾಯುವ ಸಾಮಾನು, ಯುರೋಪಿನಲ್ಲಿ ಅದನ್ನು ಹೆಚ್ಚೆಂದರೆ ಶೇಕಡಾ 1ರಷ್ಟು ಹಾಕಬಹುದು. ಅಂದರೆ ಅದರ ನಂತರ ಬರುವುದೆಲ್ಲ ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ. ನಮ್ಮ ಲೋಶನ್ನಿನಲ್ಲಿ ಪರ್ಫಮ್ ಅದರ ಆಚೆಗಿದೆ. ಹಾಗಾಗಿ ಅರ್ಧ ಶೇಕಡಾ ಅಂತ ಹಿಡಿಯೋಣ, ಲೋಶನ್ನಿಗೆ ಅದು ಸಹಜವಾದ ಡೋಸ್.

200 ಗ್ರಾಮಿನ ಬಾಟಲಿಯಲ್ಲಿ ಅರ್ಧ ಶೇಕಡಾ ಅಂದರೆ 1 ಗ್ರಾಂ ಪರಿಮಳದ ಎಣ್ಣೆ. ನಮ್ಮ ಕಡೆ ಈ ಎಣ್ಣೆಗೆ ಕಾಂಪೌಂಡ್ ಅನ್ನುತ್ತಾರೆ. ಸೋಪಿನವರಿಂದ ಹಿಡಿದು ಊರಿನ ಅಗರಬತ್ತಿಯವರ ತನಕ ಎಲ್ಲರೂ ಅದೇ ಮಾತು ಆಡುತ್ತಾರೆ. ಆ 1 ಗ್ರಾಮಿನೊಳಗೆ 30 ಸಾಮಾನಿರಬಹುದು, 100 ಇರಬಹುದು. ಅದಕ್ಕೆಲ್ಲ ಸೇರಿಸಿ ಲೇಬಲ್ಲಿನಲ್ಲಿ ಪರ್ಫಮ್ ಅಂತ ಒಂದೇ ಹೆಸರು ಬರೆಯಲು ಕಾನೂನು ಒಪ್ಪುತ್ತದೆ. ಅಮೆರಿಕದಲ್ಲಿ ಫ್ರಾಗ್ರನ್ಸ್ ಅಂತಾರೆ. ನಮ್ಮಲ್ಲಿ ಪರ್ಫ್ಯೂಮ್, ಫ್ರಾಗ್ರನ್ಸ್, ಪರ್ಫಮ್ ಮೂರೂ ಕಾಣಸಿಗುತ್ತವೆ.

ಹಾಗಾದರೆ ಕೆಳಗಿನ ಆ ಐದು ಹೆಸರು ಎಲ್ಲಿಂದ ಬಂದವು? ಅವು ಬೇರೆಯಾಗಿ ಹಾಕಿದ್ದಲ್ಲ. ಅದೇ 1 ಗ್ರಾಮಿನೊಳಗಿನವು. ಕೆಲವು ಪರಿಮಳದ ಸಾಮಾನುಗಳು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅಂಥ 26 ಹೆಸರುಗಳನ್ನು ಯುರೋಪು ಪಟ್ಟಿ ಮಾಡಿ, 2005ರಿಂದ, ಇವು ಇಂತಿಷ್ಟಕ್ಕಿಂತ ಜಾಸ್ತಿ ಇದ್ದರೆ ಪರ್ಫಮ್ಮಿನೊಳಗೆ ಅಡಗಿಸುವಂತಿಲ್ಲ, ಹೆಸರು ಹೇಳಲೇಬೇಕು ಅಂತ ಮಾಡಿತು. ಇಂತಿಷ್ಟು ಅಂದರೆ ಎಷ್ಟು? ಹಚ್ಚಿ ಹಾಗೇ ಬಿಡುವ ವಸ್ತುವಾದರೆ ಇಡೀ ಬಾಟಲಿಯ ಶೇಕಡಾ 0.001. ತೊಳೆದುಬಿಡುವ ವಸ್ತುವಾದರೆ ಶೇಕಡಾ 0.01. ಹತ್ತು ಪಟ್ಟು ವ್ಯತ್ಯಾಸ.

ಈಗ ಲೆಕ್ಕ ಹಾಕಿ. 200 ಗ್ರಾಂ ಲೋಶನ್ನಿನಲ್ಲಿ 0.001 ಶೇಕಡಾ ಅಂದರೆ 2 ಮಿಲಿಗ್ರಾಂ. ಅದೇ ತೂಕದ ಶಾಂಪೂವಿನಲ್ಲಿ 0.01 ಶೇಕಡಾ ಅಂದರೆ 20 ಮಿಲಿಗ್ರಾಂ. ಎರಡರಲ್ಲೂ ಇರುವುದು ಅದೇ 1 ಗ್ರಾಂ ಕಾಂಪೌಂಡ್. ಆ 1 ಗ್ರಾಮಿನಲ್ಲಿ ಲಿನಲೂಲ್ 120 ಮಿಲಿಗ್ರಾಂ ಇದೆ ಅನ್ನೋಣ. ಅದು ಎರಡು ಗೆರೆಯನ್ನೂ ದಾಟಿತು, ಎರಡು ಲೇಬಲ್ಲಿನಲ್ಲೂ ಬಂತು. ಹೈಡ್ರಾಕ್ಸಿಸಿಟ್ರೊನೆಲ್ಲಾಲ್ 10 ಮಿಲಿಗ್ರಾಂ ಇದೆ. ಲೋಶನ್ನಿನಲ್ಲಿ ಹೆಸರು ಬಂತು, ಶಾಂಪೂವಿನಲ್ಲಿ ಬರಲಿಲ್ಲ. ಸಿಟ್ರಾಲ್ ಬರೀ 4 ಮಿಲಿಗ್ರಾಂ, ಅದರ ಕಥೆಯೂ ಅಷ್ಟೇ. ಸಾಮಾನು ಒಂದೇ, ಅಳತೆ ಒಂದೇ, ಲೇಬಲ್ ಮಾತ್ರ ಬೇರೆ.

ಇನ್ನು ಆ ಕಾಂಪೌಂಡಿನಲ್ಲಿ ಲಿನಲೂಲ್ ಕೂಡ 19 ಮಿಲಿಗ್ರಾಮೇ ಇದ್ದಿದ್ದರೆ? ಆಗ ಶಾಂಪೂವಿನಲ್ಲಿ ಪರ್ಫಮ್ ಅಂತಷ್ಟೇ ಇರುತ್ತಿತ್ತು. ಏನೂ ಇಲ್ಲದ, ತುಂಬಾ ಸಭ್ಯವಾದ ಲೇಬಲ್! ಯುರೋಪಿನ ನಿಯಮದಂತೆ ಬರೆದ ಶಾಂಪೂವಿನ ಮೇಲೆ ಬರೀ ಪರ್ಫಮ್ ಕಂಡರೆ ನೀವು ಇಷ್ಟು ಓದಬಹುದು: ಆ ಪಟ್ಟಿಯಲ್ಲಿರುವ ಯಾವುದೂ ಇಲ್ಲಿ ಗೆರೆ ದಾಟಿಲ್ಲ. ಇಲ್ಲವೇ ಇಲ್ಲ ಅಂತ ಓದಬಾರದು. ಆ ಗೆರೆ ಲೇಬಲ್ಲಿಗೆ ಹಾಕಿದ ಗೆರೆ. ಅದರ ಕೆಳಗಿದ್ದರೆ ನಿಮ್ಮ ಚರ್ಮಕ್ಕೆ ಏನೂ ಆಗದು ಅಂತ ಯಾರೂ ಬರೆದುಕೊಟ್ಟಿಲ್ಲ.

ಆದರೆ ಲೇಬಲ್ ಯಾವ ದೇಶದ ನಿಯಮಕ್ಕೆ ಬರೆದದ್ದು ಅಂತ ಮೊದಲು ನೋಡಬೇಕು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಅಕ್ಕಪಕ್ಕ ಇಟ್ಟ ಎರಡು ಡಿಯೋಡರಂಟ್ ತೆಗೆದುಕೊಳ್ಳಿ. ಒಂದರಲ್ಲಿ ಹತ್ತು ಹೆಸರು, ಇನ್ನೊಂದರಲ್ಲಿ ಪರ್ಫ್ಯೂಮ್ ಅಂತ ಒಂದೇ ಪದ. ಎರಡನೆಯದು ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಬಹುಶಃ ಮೊದಲನೆಯವರು ಯುರೋಪಿಗೂ ಮಾರುವವರು, ಎರಡನೆಯವರು ಮಾರದವರು, ಅಷ್ಟೇ. ಹೆಸರು ಜಾಸ್ತಿ ಇರುವ ಲೇಬಲ್ ಜಾಸ್ತಿ ಮಾತಾಡಿದೆ ಅಂತ ಅರ್ಥ, ಜಾಸ್ತಿ ಕೆಟ್ಟದ್ದು ಅಂತಲ್ಲ. ಅಂದ ಹಾಗೆ, ಲಿನಲೂಲ್ ಕೇಳಿ ಹೌಹಾರುವವರಿಗೆ ಒಂದು ಮಾತು: ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಇರುವುದು. ಮಜ್ಜಿಗೆ ಹುಲ್ಲು, ಇಲ್ಲಿ ಗವತಿ ಚಹಾ ಅಂತ ಕುಡಿಯುತ್ತಾರಲ್ಲ, ಅದರ ವಾಸನೆಯೇ ಸಿಟ್ರಾಲ್. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಈ ಪಟ್ಟಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಲೇಬಲ್ ಏನು ಹೇಳುವುದಿಲ್ಲ ಅನ್ನುವುದನ್ನೂ ನೋಡಿ. ನಮ್ಮ ಲೋಶನ್ನಿನ ಐದು ಹೆಸರುಗಳ ತೂಕ ಕೂಡಿಸಿದರೆ 170 ಮಿಲಿಗ್ರಾಂ ಹತ್ತಿರ ಬರಬಹುದು. ಉಳಿದ 830? ಅದರಲ್ಲಿ ಮಸ್ಕ್ ಇರಬಹುದು, ಮರದ ವಾಸನೆಯ ಸಾಮಾನು ಇರಬಹುದು, ಹೆಡಿಯೋನ್ ಅನ್ನುವ ಮಲ್ಲಿಗೆಯ ಜಾಡಿನ ತೆಳು ವಾಸನೆ ಇರಬಹುದು. ಮತ್ತೆ ಬರೀ ತೆಳು ಮಾಡಲು ಹಾಕಿದ ಸಾಲ್ವೆಂಟ್ ಕೂಡ ಇರಬಹುದು. ಡಿಪಿಜಿ, ಡಿಇಪಿ, ಐಪಿಎಂ ಅಂತ ಡ್ರಮ್ಮುಗಟ್ಟಲೆ ಬರುತ್ತವೆ. ಇವುಗಳಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಮೊಹಮ್ಮದ್ ಅಲಿ ರೋಡಿನಲ್ಲಿ ಆಲ್ಕೋಹಾಲ್ ಇಲ್ಲದ ಅತ್ತರು ಅಂತ ಅಗ್ಗದ ಶೀಶೆ ಕೊಂಡರೆ, ಅದರಲ್ಲಿ ಅರ್ಧಕ್ಕರ್ಧ ಇಂಥದ್ದೇ ಇದ್ದರೂ ಆಶ್ಚರ್ಯವಿಲ್ಲ. ಡಿಇಪಿ ಅಂದರೆ ಡೈಎಥೈಲ್ ಥ್ಯಾಲೇಟ್. ಥ್ಯಾಲೇಟ್ ಬೇಡ ಅನ್ನುವವರು ಅದನ್ನು ಲೇಬಲ್ಲಿನಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಪರ್ಫಮ್ಮಿನ ಒಳಗಿದ್ದರೆ ಅದರ ಹೆಸರು ಬರಲೇಬೇಕೆಂದಿಲ್ಲ. ಸೌಂದರ್ಯವರ್ಧಕಗಳಲ್ಲಿ ಬಳಸುವ ಮಟ್ಟದಲ್ಲಿ ಅದರಿಂದ ತೊಂದರೆ ಇಲ್ಲ ಅಂತ ಯುರೋಪಿನ ವಿಜ್ಞಾನಿಗಳ ಸಮಿತಿ ಹೇಳಿದೆ. ಒಪ್ಪುವುದು ಬಿಡುವುದು ಆಮೇಲಿನ ಮಾತು, ಮೊದಲು ಇದೆಯೋ ಇಲ್ಲವೋ ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲವಲ್ಲ.

ಇಷ್ಟೆಲ್ಲ ಯಾಕೆ ಮುಚ್ಚಿಡಬೇಕು?

ನಾನು ಇಲ್ಲಿನ ಒಂದು ಕಾಂಪೌಂಡ್ ಕಂಪನಿಯ ಲ್ಯಾಬಿನಲ್ಲಿದ್ದವನು. ಹೊರಗಿನವರು ಕೇಳಿದರೆ ನಾವು ಕೊಡುತ್ತಿದ್ದ ಉತ್ತರ ಒಂದೇ: ಕಾಂಪಿಟೇಟರ್ ಕದಿಯುತ್ತಾನೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಕಾನೂನಿನ ಕಡೆಯಿಂದ ಹೇಳುತ್ತೇನೆ. ಒಂದು ಫಾರ್ಮುಲಾಗೆ ಪೇಟೆಂಟ್ ತೆಗೆದುಕೊಂಡಿರಿ ಅನ್ನಿ. ಅದಕ್ಕೆ ಫಾರ್ಮುಲಾ ಊರಿಗೆಲ್ಲ ತೋರಿಸಬೇಕು, 20 ವರ್ಷಕ್ಕೆ ಹಕ್ಕೂ ಹೋಗುತ್ತದೆ. ಎದುರಾಳಿ ಎರಡು ಸಾಮಾನು ಬದಲಿಸಿ, ಮೂಗಿಗೆ ಅದೇ ಅನ್ನಿಸುವಂಥದ್ದನ್ನು ಮಾಡಿ ಆರಾಮಾಗಿ ಮಾರಬಹುದು. ಹಾಡಿಗೆ, ಕತೆಗೆ ಇರುವಂತೆ ಕಾಪಿರೈಟ್ ಸಿಗುತ್ತದೆಯೇ? 2006ರ ಜೂನ್ ತಿಂಗಳಲ್ಲಿ ಒಂದು ತಮಾಷೆ ಆಯಿತು. ಪರಿಮಳಕ್ಕೆ ಕಾಪಿರೈಟ್ ಇಲ್ಲ ಅಂತ ಫ್ರಾನ್ಸಿನ ಮೇಲಿನ ಕೋರ್ಟು ಹೇಳಿತು, ಅದೂ ಸೆಂಟಿನ ತವರೂರಾದ ಫ್ರಾನ್ಸಿನಲ್ಲಿ. ಅದಾಗಿ ಕೆಲವೇ ದಿನಕ್ಕೆ, ಪರಿಮಳಕ್ಕೂ ಕಾಪಿರೈಟ್ ಇರಬಹುದು ಅಂತ ನೆದರ್ಲೆಂಡಿನ ಸುಪ್ರೀಂ ಕೋರ್ಟು ಹೇಳಿತು. ಇಂಥ ನೆಲದ ಮೇಲೆ ಯಾರು ಮನೆ ಕಟ್ಟುತ್ತಾರೆ? ಸುಮ್ನೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಅಂತ ಎಲ್ಲರೂ ನಿರ್ಧರಿಸಿದ್ದಾರೆ.

ಆದರೆ ಬಾಯಿ ಮುಚ್ಚಿದರೂ ಎದುರಾಳಿಯ ಹತ್ತಿರ ಜಿಸಿ-ಎಂಎಸ್ ಮೆಷಿನ್ ಇದೆ. ಒಂದು ಹನಿ ಎಣ್ಣೆಯನ್ನು ಅದರೊಳಗೆ ಬಿಟ್ಟರೆ, ಬಿಸಿಯಾದ ಉದ್ದನೆಯ ಸಣ್ಣ ಕೊಳವೆಯಲ್ಲಿ ಅದು ಹರಿಯುತ್ತಾ ಬೇರೆ ಬೇರೆಯಾಗಿ ಹೊರಬರುತ್ತದೆ. ಒಂದೊಂದು ಸಾಮಾನಿಗೂ ಗ್ರಾಫಿನಲ್ಲಿ ಒಂದೊಂದು ಪೀಕ್, ಅಂದರೆ ಗೆರೆಯ ಏರು. ಪೀಕ್ ದೊಡ್ಡದಿದ್ದರೆ ಸಾಮಾನು ಜಾಸ್ತಿ. ಯಾರದೋ ಹೆಸರಾಂತ ಸೆಂಟು ತಂದು ಮೆಷಿನ್ನಿಗೆ ಹಾಕಿ ಹತ್ತಿರಕ್ಕೆ ಹತ್ತಿರ ಮಾಡಿಕೊಡುವುದಕ್ಕೆ ಈ ಬಜಾರಿನಲ್ಲಿ ಮ್ಯಾಚಿಂಗ್ ಅಂತಾರೆ. ಅದು ದಿನನಿತ್ಯದ ಕೆಲಸ, ಯಾರೂ ನಾಚಿಕೊಳ್ಳುವುದಿಲ್ಲ.

ಮೆಷಿನ್ನಿಗೆ ಎಲ್ಲವೂ ಸಿಗುತ್ತದೆ ಅಂತಲ್ಲ. ಫಾರ್ಮುಲಾದಲ್ಲಿ ನಿಜವಾದ ಗುಲಾಬಿ ಎಣ್ಣೆ ಇದ್ದರೆ ಅದೊಂದರಿಂದಲೇ ನೂರಾರು ಪೀಕ್ ಬರುತ್ತವೆ. ಈ ಸಿಟ್ರೊನೆಲ್ಲೋಲ್ ಗುಲಾಬಿಯ ಜೊತೆ ಬಂದದ್ದೋ, ಬೇರೆ ಡ್ರಮ್ಮಿನಿಂದ ಹಾಕಿದ್ದೋ? ಗುಲಾಬಿಯ ಪಾಲನ್ನು ಕೂತು ಲೆಕ್ಕದಿಂದ ಕಳೆಯಬೇಕು. ಗುಲಾಬಿಗೆ ಗುಲಾಬಿತನ ಕೊಡುವ ಡಮಾಸೆನೋನ್ ಶೇಕಡಾ 1ಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ಮೂಗಿಗೆ ತಟ್ಟನೆ ಸಿಗುತ್ತದೆ, ಪೀಕ್ ನೋಡಿದರೆ ಪಕ್ಕದ ದೊಡ್ಡ ಪೀಕಿನ ಬುಡದಲ್ಲಿ ಮುಚ್ಚಿಹೋಗಿರಬಹುದು. ಇನ್ನೊಂದು ತೊಡಕು ಕ್ಯಾಪ್ಟಿವ್. ಗಿವೊಡಾನ್, ಸಿಮ್ರೈಸ್‌ನಂಥ ದೊಡ್ಡ ಕಂಪನಿಗಳು ಹೊಸ ಅಣು ಕಂಡುಹಿಡಿದು, ಅದಕ್ಕೆ ಪೇಟೆಂಟ್ ಮಾಡಿಸಿ, ಸ್ವಲ್ಪ ವರ್ಷ ತಾವು ಮಾತ್ರ ಬಳಸುತ್ತವೆ, ಹೊರಗೆ ಮಾರುವುದಿಲ್ಲ. ಅಂಥದ್ದು ಬಂದರೆ ಮೆಷಿನ್ ಒಂದು ಪೀಕ್ ತೋರಿಸುತ್ತದೆ, ಹೆಸರು ಹೇಳುವುದಿಲ್ಲ. ಹೆಸರು ಗೊತ್ತಾದರೂ ಕೊಳ್ಳಲು ಎಲ್ಲಿ ಸಿಗಬೇಕು?

ಹಾಗಿದ್ದೂ, ಮೆಷಿನ್ ಇದ್ದವನಿಗೆ ಬಹುಪಾಲು ಗೊತ್ತಾಗುತ್ತದೆ. ಲೇಬಲ್ ಮಾತ್ರ ಇದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಅಂದರೆ ಲೇಬಲ್ಲಿನ ಆ ಒಂದು ಪದ ಕದಿಯುವವನನ್ನು ತಡೆಯುವುದಕ್ಕಿಂತ ಜಾಸ್ತಿ ಕೊಳ್ಳುವವರನ್ನೇ ತಡೆಯುತ್ತಿದೆ, ಅಲ್ವಾ? ಆದರೆ ಅಲ್ಲಿಗೂ ಕಥೆ ಮುಗಿಯುವುದಿಲ್ಲ, ಯಾಕೆಂದರೆ ನಡುವೆ ಇನ್ನೊಬ್ಬರಿದ್ದಾರೆ. ಆ ಲೋಶನ್ ಮಾರುವ ಬ್ರ್ಯಾಂಡಿನವರು.

ಬ್ರ್ಯಾಂಡಿನವರಿಗೇ ಫಾರ್ಮುಲಾ ಗೊತ್ತಿರುವುದಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕೆಲವು ದೊಡ್ಡ ಸೆಂಟಿನ ಮನೆಗಳು ತಮ್ಮದೇ ಪರ್ಫ್ಯೂಮರನ್ನು ಇಟ್ಟುಕೊಂಡಿರುತ್ತವೆ, ಅವರ ಮಾತು ಬೇರೆ. ಉಳಿದ ಸೋಪು, ಲೋಶನ್, ಶಾಂಪೂ ಮಾಡುವವರು ಕಾಂಪೌಂಡ್ ಹೊರಗಿನಿಂದ ಕೊಳ್ಳುತ್ತಾರೆ. ಅದು ನಡೆಯುವುದು ಹೀಗೆ. ಮಳೆಗಾಲದ ತಾಜಾತನ ಬೇಕು, ಕಿಲೋಗೆ ಇಷ್ಟು ರೂಪಾಯಿ ದಾಟಬಾರದು, ಬಿಳಿ ಲೋಶನ್ ಹಳದಿಯಾಗಬಾರದು ಅಂತ ಬ್ರ್ಯಾಂಡಿನವರು ಒಂದು ಬ್ರೀಫ್ ಕೊಡುತ್ತಾರೆ. ನಾಲ್ಕಾರು ಕಂಪನಿಗಳು ಸ್ಯಾಂಪಲ್ ಮಾಡಿ ಕಳಿಸುತ್ತವೆ. ತಿಂಗಳುಗಟ್ಟಲೆ ತಿದ್ದುಪಡಿ ನಡೆಯುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಒಂದು ಪೈಸೆಯೂ ಇಲ್ಲ. ಗೆದ್ದವರಿಗೆ ಸಿಗುವುದು ಕಾಂಪೌಂಡನ್ನು ಕಿಲೋ ಲೆಕ್ಕದಲ್ಲಿ ಮಾರುವ ಅವಕಾಶ. ಸೋತವರ ದುಡಿಮೆ ಗೋವಿಂದ.

ಮದುವೆ ಅಡುಗೆಯ ಭಟ್ಟರು ಕೈಗೂಲಿ ಏನೂ ಬೇಡ, ಸಾರಿನ ಪುಡಿ ಮಾತ್ರ ವರ್ಷವಿಡೀ ನನ್ನಿಂದಲೇ ಕೊಳ್ಳಿ ಅಂದರೆ ಹೇಗಿರುತ್ತದೋ ಹಾಗೆ. ಭಟ್ಟರು ಪುಡಿಯ ಅಳತೆ ಬರೆದುಕೊಟ್ಟರೆ ಅಲ್ಲಿಗೆ ಅವರ ಸಂಪಾದನೆ ಮುಗಿಯಿತು. ಬ್ರ್ಯಾಂಡಿನ ಪರ್ಚೇಸ್ ವಿಭಾಗದವರು ಆ ಚೀಟಿ ಹಿಡಿದು ಪ್ರಿನ್ಸೆಸ್ ಸ್ಟ್ರೀಟಿನಲ್ಲೋ ಮಸೀದಿ ಬಂದರಿನಲ್ಲೋ ಕಡಿಮೆ ರೇಟಿಗೆ ಮಾಡಿಸಿಕೊಳ್ಳುತ್ತಾರೆ. ಗುಟ್ಟಿನ ನಿಜವಾದ ಬೀಗ ಇರುವುದು ಇಲ್ಲಿ. ಅದು ಮಾಡುವವನಿಗೂ ಅವನ ಗಿರಾಕಿಗೂ ನಡುವಿನ ಬೀಗ. ನೀವು, ಲೋಶನ್ ಹಚ್ಚುವವರು, ಆ ಬಾಗಿಲ ಹೊರಗೆ ಸುಮ್ನೆ ಸಿಕ್ಕಿಹಾಕಿಕೊಂಡಿದ್ದೀರಿ.

ಕಂಪನಿಯ ಒಳಗೂ ಇದೇ. ತೂಕ ಮಾಡುವ ಕೋಣೆಯಲ್ಲಿ ಡ್ರಮ್ಮಿನ ಮೇಲೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ಹುಡುಗರ ಕೈಗೆ ಬರುವ ಹಾಳೆಯಲ್ಲೂ ನಂಬರೇ. ಮುಖ್ಯವಾದ ಕೆಲವು ಸಾಮಾನು ಬೇರೆ ಕೋಣೆಯಲ್ಲಿ ಮೊದಲೇ ಕೂಡಿಸಿ, ಅದಕ್ಕೂ ಒಂದು ನಂಬರ್ ಕೊಟ್ಟು ಕಳಿಸುತ್ತಾರೆ.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮುಜುಗರ. ಡಬ್ಬದ ಮೇಲೆ ಮಲ್ಲಿಗೆಯ ಚಿತ್ರ. ನಿಜವಾದ ಮಲ್ಲಿಗೆಯ ಸಾರ ಕಿಲೋಗೆ ಲಕ್ಷ ದಾಟುತ್ತದೆ, ಸೋಪಿಗೆ ಹಾಕಿದರೆ ಸೋಪನ್ನು ತಿಜೋರಿಯಲ್ಲಿಡಬೇಕು. ಮಲ್ಲಿಗೆಯಲ್ಲೇ ಧಾರಾಳವಾಗಿ ಇರುವ ಬೆಂಜೈಲ್ ಅಸಿಟೇಟನ್ನು ಕಾರ್ಖಾನೆಯಲ್ಲಿ ಮಾಡಿದರೆ ಕಿಲೋಗೆ ಕೆಲವು ನೂರು ರೂಪಾಯಿ. ಅದಕ್ಕೆ ಹೆಕ್ಸೈಲ್ ಸಿನ್ನಮಾಲ್, ಹೆಡಿಯೋನ್, ಚಿಟಿಕೆ ಇಂಡೋಲ್ ಸೇರಿಸಿದರೆ ಮಾಟುಂಗಾದ ಹೂವಿನ ಅಂಗಡಿ ಮುಂದೆ ನಿಂತ ಹಾಗೇ ಇರುತ್ತದೆ. ಗಂಧದ ವಿಷಯವಂತೂ ನಮ್ಮವರಿಗೆ ಹೇಳಬೇಕಿಲ್ಲ, ಗಂಧ ಅಂತ ಮಾರುವುದರಲ್ಲಿ ಬಹುಪಾಲು ಗಂಧದ ಮರವನ್ನೇ ನೋಡಿಲ್ಲ. ಇದರಲ್ಲಿ ಮೋಸ ಇದೆ ಅಂತ ನನಗನ್ನಿಸುವುದಿಲ್ಲ, ಒಳ್ಳೆಯ ಪರ್ಫ್ಯೂಮರ್ ಮಾಡಿದ ಮಲ್ಲಿಗೆ ನಿಜಕ್ಕೂ ದೊಡ್ಡ ಕಸುಬು. ಆದರೆ ಚಿತ್ರ ಹೂವಿನದ್ದು, ಪಟ್ಟಿ ಕಾರ್ಖಾನೆಯದ್ದು ಆದಾಗ ಪಟ್ಟಿ ಮುಚ್ಚಿಡುವುದೇ ಅನುಕೂಲ.

ನನ್ನ ಅಭಿಪ್ರಾಯ ಕೇಳಿದರೆ, ಅಳತೆ ಗುಟ್ಟಾಗಿರಲಿ, ಹೆಸರು ಗುಟ್ಟಾಗಿರಬೇಕಿಲ್ಲ. ಕದಿಯುವವನಿಗೆ ಹೆಸರು ಹೇಗೂ ಗೊತ್ತಾಗುತ್ತದೆ. ಇಫ್ರಾ ಅನ್ನುವ ಪರಿಮಳದವರ ಅಂತಾರಾಷ್ಟ್ರೀಯ ಸಂಘ ತನ್ನವರು ಬಳಸುವ 3 ಸಾವಿರಕ್ಕೂ ಹೆಚ್ಚು ಸಾಮಾನುಗಳ ಹೆಸರನ್ನು ತಾನೇ ಪ್ರಕಟಿಸಿದೆ. ಯಾವ ಬಾಟಲಿಯಲ್ಲಿ ಯಾವುದು ಅಂತ ಮಾತ್ರ ಹೇಳುವುದಿಲ್ಲ. ಯುರೋಪು 2023ರಲ್ಲಿ ಹೆಸರು ಹೇಳಬೇಕಾದ ಪಟ್ಟಿಯನ್ನು 26ರಿಂದ 80ರ ಆಚೆಗೆ ಬೆಳೆಸಿತು. ಮಾರುಕಟ್ಟೆಗೆ ಹೊಸದಾಗಿ ಬರುವ ವಸ್ತುಗಳಿಗೆ ಅದು 2026ರ ಜುಲೈ 31ರಿಂದ, ಆಗಲೇ ಮಾರುಕಟ್ಟೆಯಲ್ಲಿರುವುದಕ್ಕೆ 2028ರ ಜುಲೈ 31ರವರೆಗೆ ಗಡುವು. ಹಾಗಾಗಿ ಇನ್ನು ಮುಂದೆ ನಿಮ್ಮ ಹಳೆಯ ಕ್ರೀಮಿನ ಹೊಸ ಡಬ್ಬದಲ್ಲಿ ಇದ್ದಕ್ಕಿದ್ದಂತೆ ಉದ್ದ ಪಟ್ಟಿ ಕಂಡರೆ ಫಾರ್ಮುಲಾ ಬದಲಾಯಿತು ಅಂತ ಗಾಬರಿ ಬೀಳಬೇಡಿ. ಬದಲಾದದ್ದು ಲೇಬಲ್ ಮಾತ್ರ ಇರಬಹುದು.

ಈಗ ಉಪಯೋಗಕ್ಕೆ ಬರುವ ಮಾತು. ಡೊಂಬಿವಿಲಿಯಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಅವರಿಗೆ ಕುತ್ತಿಗೆಯ ಹಿಂದೆ ಮತ್ತೆ ಮತ್ತೆ ತುರಿಕೆ, ದದ್ದು. ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಅಂಟಿಸಿ ಟೆಸ್ಟ್ ಮಾಡಿದರು. ಫ್ರಾಗ್ರನ್ಸ್ ಮಿಕ್ಸ್ ಒಂದು ಅನ್ನುವ ಜಾಗದಲ್ಲಿ ಕೆಂಪಾಯಿತು. ಆ ಮಿಕ್ಸಿನಲ್ಲಿ ಎಂಟು ಸಾಮಾನು ಇರುತ್ತವೆ: ದಾಲ್ಚಿನ್ನಿ ಜಾತಿಯ ಮೂರು, ಲವಂಗದ ಯೂಜಿನಾಲ್, ಅದರ ತಮ್ಮ ಐಸೊಯೂಜಿನಾಲ್, ಜೆರಾನಿಯೋಲ್, ಹೈಡ್ರಾಕ್ಸಿಸಿಟ್ರೊನೆಲ್ಲಾಲ್, ಮತ್ತೆ ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಸಾರ. ಅವರು ಮನೆಗೆ ಬಂದು ಎಲ್ಲ ಬಾಟಲಿ ತಿರುಗಿಸಿ ನೋಡಿದರು. ಲೋಶನ್ನಿನಲ್ಲಿ ಹೈಡ್ರಾಕ್ಸಿಸಿಟ್ರೊನೆಲ್ಲಾಲ್ ಸಿಕ್ಕಿತು, ಬಿಸಾಡಿದರು. ಶಾಂಪೂವಿನಲ್ಲಿ ಪರ್ಫಮ್, ಲಿನಲೂಲ್ ಅಂತಷ್ಟೇ ಇತ್ತು, ಇಟ್ಟುಕೊಂಡರು. ತುರಿಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ನಮ್ಮ ಲೆಕ್ಕ ನೆನಪಿದೆಯಲ್ಲ? ಅದು 200 ಗ್ರಾಂ ಶಾಂಪೂವಾದರೆ, ಆ ಎಂಟರಲ್ಲಿ ಯಾವುದೇ ಆದರೂ ಹೆಸರು ಬರದೆಯೇ 20 ಮಿಲಿಗ್ರಾಂ ತನಕ ಇರಬಹುದು. ಇದ್ದೇ ಇದೆ ಅಂತಲ್ಲ, ಇರಬಹುದು. ಡಾಕ್ಟರು ಎಂಟನ್ನೂ ಬೇರೆ ಬೇರೆಯಾಗಿ ಟೆಸ್ಟ್ ಮಾಡಿದಾಗ ತಾಗಿದ್ದು ಹೈಡ್ರಾಕ್ಸಿಸಿಟ್ರೊನೆಲ್ಲಾಲೇ ಅಂತ ಗೊತ್ತಾಯಿತು. ಅವರು ಶಾಂಪೂ ಕಂಪನಿಗೆ ಮೇಲ್ ಹಾಕಿದರು: ನಿಮ್ಮ ಪರ್ಫಮ್ಮಿನಲ್ಲಿ ಏನೇನಿದೆ ತಿಳಿಸಿ. ಫಾರ್ಮುಲಾ ಗೌಪ್ಯ ಅಂತ ಎರಡು ಸಾಲಿನ ಉತ್ತರ ಬಂತು.

ಆಗ ನಾನು ಹೇಳಿದೆ, ಹಾಗೆ ಕೇಳಬೇಡಿ, ಅವರ ಹತ್ತಿರ ಫಾರ್ಮುಲಾ ಇಲ್ಲವೇ ಇಲ್ಲ. ಅವರ ಹತ್ತಿರ ಇರುವುದು ಬೇರೆ. ಕಾಂಪೌಂಡಿನ ಜೊತೆ ಮೂರು ಕಾಗದ ಬರುತ್ತವೆ. ಯಾವ ಬಗೆಯ ವಸ್ತುವಿಗೆ ಎಷ್ಟರವರೆಗೆ ಹಾಕಬಹುದು ಅನ್ನುವ ಇಫ್ರಾ ಸರ್ಟಿಫಿಕೇಟ್ ಒಂದು. ಸಾಗಿಸುವಾಗ, ಕೈಗೆ ತಾಗಿದಾಗ ಏನು ಮಾಡಬೇಕು ಅನ್ನುವ ಸೇಫ್ಟಿ ಶೀಟ್ ಇನ್ನೊಂದು. ಮೂರನೆಯದು ಅಲರ್ಜನ್ ಡಿಕ್ಲರೇಶನ್. ಪಟ್ಟಿಯಲ್ಲಿರುವ ಒಂದೊಂದು ಹೆಸರೂ ಕಾಂಪೌಂಡಿನಲ್ಲಿ ಶೇಕಡಾ ಎಷ್ಟಿದೆ ಅಂತ ಅದರಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಲೇಬಲ್ ಬರೆಯುವುದಾದರೂ ಹೇಗೆ? ಎರಡನೆಯ ಇ-ಮೇಲಿನಲ್ಲಿ ಅವರು ಹೀಗೆ ಕೇಳಿದರು: ಪ್ಯಾಚ್ ಟೆಸ್ಟಿನಲ್ಲಿ ನನಗೆ ಹೈಡ್ರಾಕ್ಸಿಸಿಟ್ರೊನೆಲ್ಲಾಲ್ ಆಗಿಬರುವುದಿಲ್ಲ ಅಂತ ಬಂದಿದೆ. ಈ ಬ್ಯಾಚಿನ ಶಾಂಪೂಗೆ ಹಾಕಿದ ಪರಿಮಳದ ಅಲರ್ಜನ್ ಡಿಕ್ಲರೇಶನ್ನಿನಲ್ಲಿ ಅದು ಇದೆಯೇ, ಲೇಬಲ್ಲಿನ ಮಿತಿಗಿಂತ ಕಡಿಮೆಯಾದರೂ? ಜೊತೆಗೆ ಬ್ಯಾಚ್ ನಂಬರ್ ಬರೆದು, ಡಾಕ್ಟರ ಚೀಟಿಯ ಫೋಟೋ ಹಾಕಿದರು.

ಉತ್ತರ ಬರಲು ತಡವಾಯಿತು, ಆದರೆ ಬಂತು. ಹೌದು, ಇದೆ, ಮಿತಿಯ ಕೆಳಗಿದೆ ಅಂತ. ಎಷ್ಟು ಅಂತ ಕಂಪನಿಯವರು ಹೇಳಲಿಲ್ಲ, ನನ್ನ ಪರಿಚಯದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಈಗ ಅವರು ಪರ್ಫಮ್ ಅನ್ನುವ ಪದವೇ ಇಲ್ಲದ ಶಾಂಪೂ ಬಳಸುತ್ತಾರೆ. ಅನ್‌ಸೆಂಟೆಡ್ ಅಂತ ಬರೆದದ್ದನ್ನಲ್ಲ. ವಾಸನೆ ಮುಚ್ಚಲು ಹಾಕಿದ ಪರಿಮಳ ಅದರಲ್ಲಿ ಇರಬಹುದು, ಹಿಂದೆ ತಿರುಗಿಸಿದರೆ ಪಟ್ಟಿಯಲ್ಲಿ ಪರ್ಫಮ್ ಕೂತಿರುತ್ತದೆ.